ನೋಟ್ಸ್ ಒಂದು ಕಡೆ, ಸೂಚನೆ ಒಂದು ಕಡೆ: ನಮ್ಮ ಕೋಚಿಂಗ್ ಸೆಂಟರ್‌ನ ಟೆಲಿಗ್ರಾಂ ಚಾನೆಲ್ ಸರಿಪಡಿಸಿದ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಒಂದು ಸಣ್ಣ ಕೋಚಿಂಗ್ ಸೆಂಟರ್‌ನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಆಫೀಸಿನ ಅರ್ಧ ಕೆಲಸವೂ ನನ್ನದೇ. ಕೆಎಎಸ್, ಪಿಎಸ್ಐ, ಪಿಡಿಒ, ಎಫ್‌ಡಿಎ ಅಂತ ಓದುವ ಹುಡುಗ ಹುಡುಗಿಯರು ನಮ್ಮಲ್ಲಿ ಬರುತ್ತಾರೆ. ಹಳೆಯ ಬ್ಯಾಚ್ ಮುಗಿದು ಹೊಸದು ಶುರುವಾಗುವ ನಡುವಿನ ಬಿಡುವಿನಲ್ಲಿ ನಮ್ಮ ಟೆಲಿಗ್ರಾಂ ಚಾನೆಲ್ ಅನ್ನು ಬುಡದಿಂದ ಸರಿಪಡಿಸಿದೆವು. ಈಗ ಕೆಲಸ ಮುಗಿದಿದೆ. ನಮ್ಮ ಹಾಗೇ ಸಣ್ಣದಾಗಿ ಸೆಂಟರ್ ನಡೆಸುವವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಚಾನೆಲ್ ಯಾವ ಸ್ಥಿತಿಯಲ್ಲಿತ್ತು ಹೇಳುತ್ತೇನೆ. ಒಂದೇ ಚಾನೆಲ್. ಅದರಲ್ಲೇ ನೋಟ್ಸ್, ಅದರಲ್ಲೇ "ನಾಳೆ ಕ್ಲಾಸ್ ಇಲ್ಲ", ಅದರಲ್ಲೇ ಪೇಪರಿನ ಪಿಡಿಎಫ್, ಹಬ್ಬದ ಶುಭಾಶಯ, ಕರಿಹಲಗೆಯ ಫೋಟೊಗಳು, ಬೇರೆ ಚಾನೆಲ್‌ಗಳಿಂದ ಫಾರ್ವರ್ಡ್ ಆದ ಜಾಬ್ ನ್ಯೂಸ್. ಪಾಠ ಮಾಡುವವರೆಲ್ಲ ಅಡ್ಮಿನ್‌ಗಳು. ಯಾರಿಗೆ ಯಾವಾಗ ಏನು ಹಾಕಬೇಕು ಅನಿಸಿತೋ ಹಾಕುತ್ತಿದ್ದರು. ದಿನಾ ಕೌಂಟರ್ ಹತ್ತಿರ ಒಬ್ಬರಾದರೂ ಬಂದು, "ಸರ್, ಮೊನ್ನೆ ಹಾಕಿದ ಪಿಡಿಎಫ್ ಸಿಗವಲ್ದ್ರಿ, ಮತ್ತೊಮ್ಮೆ ಹಾಕ್ರಿ" ಅನ್ನುತ್ತಿದ್ದರು. ನಾವು ಮತ್ತೊಮ್ಮೆ ಹಾಕುತ್ತಿದ್ದೆವು. ಒಂದೇ ಪಿಡಿಎಫ್ ನಾಲ್ಕು ಕಡೆ ಇರುತ್ತಿತ್ತು, ಅದರಲ್ಲಿ ತಿದ್ದಿದ್ದು ಯಾವುದು ಅಂತ ನಮಗೇ ಹೇಳಲು ಬರುತ್ತಿರಲಿಲ್ಲ.

ಇದು ಬರೀ ಕಿರಿಕಿರಿಯ ವಿಷಯ ಅಲ್ಲ ಅಂತ ಅರ್ಥವಾದದ್ದು 2024ರಲ್ಲಿ. ಆ ವರ್ಷ ಕೆಎಎಸ್ ಪ್ರಿಲಿಮ್ಸ್ ಆಗಸ್ಟ್ 25, ಭಾನುವಾರ ಅಂತ ಇತ್ತು. ಆಮೇಲೆ ಅದು 27, ಮಂಗಳವಾರಕ್ಕೆ ಹೋಯಿತು. ಪರೀಕ್ಷೆ ಮುಗಿದ ಮೇಲೆ ಕನ್ನಡ ಅನುವಾದದ ತಪ್ಪುಗಳ ಬಗ್ಗೆ ದೊಡ್ಡ ಹೋರಾಟವೇ ಆಯಿತು, ಕೊನೆಗೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು. ಅಷ್ಟೂ ದಿನ ನಮ್ಮ ಚಾನೆಲ್‌ನಲ್ಲಿ ಎಲ್ಲ ತಾರೀಕುಗಳೂ ಒಟ್ಟಿಗೇ ಬಿದ್ದಿದ್ದವು. ಯಾರಾದರೂ "ಪ್ರಿಲಿಮ್ಸ್" ಅಂತ ಹುಡುಕಿದರೆ 25ನೇ ತಾರೀಕಿನ ಪೋಸ್ಟರ್ ಸಿಗುತ್ತಿತ್ತು, 27ರದ್ದೂ ಸಿಗುತ್ತಿತ್ತು, "ಮುಂದೂಡುತ್ತಾರಂತೆ" ಅನ್ನುವ ಫಾರ್ವರ್ಡ್ ಕೂಡ ಸಿಗುತ್ತಿತ್ತು. ಊರಿಂದ ತಂದೆ ತಾಯಂದಿರು ಫೋನ್ ಮಾಡಿ "ಪರೀಕ್ಷಾ ಯಾವತ್ತ ಐತ್ರಿ" ಅಂತ ಕೇಳುತ್ತಿದ್ದರು. ಮನೆ ಬಿಟ್ಟು ರೂಮ್ ಮಾಡಿಕೊಂಡು, ವರ್ಷಗಟ್ಟಲೆ ಓದಿದ ಮಕ್ಕಳಿಗೆ ತಾರೀಕಿನ ವಿಷಯದಲ್ಲಿ ನಮ್ಮ ಚಾನೆಲ್‌ನಿಂದ ಗೊಂದಲ ಆಗಬಾರದು ಅನ್ನುವುದು ಆಗಲೇ ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು.

ಹಳೆಯ ಪೋಸ್ಟ್‌ಗಳನ್ನೆಲ್ಲ ಕೂತು ನೋಡಿದಾಗ ಒಂದು ವಿಷಯ ಕಾಣಿಸಿತು. ಪೋಸ್ಟ್‌ಗಳು ಜಾಸ್ತಿ ಇದ್ದದ್ದು ತೊಂದರೆ ಅಲ್ಲ. ಎರಡು ಬೇರೆ ಬೇರೆ ಆಯುಷ್ಯದ ವಸ್ತುಗಳು ಒಂದೇ ಸಾಲಿನಲ್ಲಿದ್ದದ್ದು ತೊಂದರೆ. "ನಾಳೆ 10ರ ಬದಲು 11ಕ್ಕೆ ಕ್ಲಾಸ್" ಅನ್ನುವುದರ ಆಯುಷ್ಯ ಒಂದು ದಿನ. ಮೂಲಭೂತ ಹಕ್ಕುಗಳ ನೋಟ್ಸ್‌ನ ಆಯುಷ್ಯ ಪರೀಕ್ಷೆ ಮುಗಿಯುವವರೆಗೆ. ಮೊದಲನೆಯದು ತಕ್ಷಣ ಕಣ್ಣಿಗೆ ಬೀಳಬೇಕು, ಮೊಬೈಲ್ ಸದ್ದು ಮಾಡಬೇಕು. ಎರಡನೆಯದು ಸದ್ದು ಮಾಡುವುದು ಬೇಡ, ಆರು ತಿಂಗಳ ನಂತರ ಹುಡುಕಿದರೂ ಸಿಕ್ಕರೆ ಸಾಕು. ಹಾಗಾಗಿ ಎರಡು ಚಾನೆಲ್ ಮಾಡುವುದು ಅಂತ ತೀರ್ಮಾನವಾಯಿತು. ಹಳೆಯ ಚಾನೆಲ್‌ನ ಲಿಂಕ್ ನಮ್ಮ ಪಾಂಪ್ಲೆಟ್, ಬೋರ್ಡ್ ಎಲ್ಲದರ ಮೇಲೂ ಅಚ್ಚಾಗಿತ್ತು, ಅದಕ್ಕೆ ಅದು ಸೂಚನೆಗಳ ಚಾನೆಲ್ ಆಗಲಿ, ಯಾರು ಬೇಕಾದರೂ ಸೇರಲಿ. ನೋಟ್ಸ್‌ಗೆ ಹೊಸದಾಗಿ ಪ್ರೈವೇಟ್ ಚಾನೆಲ್, ಅಡ್ಮಿಷನ್ ಆದವರಿಗೆ ಮಾತ್ರ.

ಅಷ್ಟರಲ್ಲಿ ಮೊದಲ ಅಡ್ಡಿ ಎದುರಾಯಿತು. ಹಳೆಯ ಚಾನೆಲ್‌ನ ಮಾಲೀಕರು ನಾವಾಗಿರಲಿಲ್ಲ. ಅದನ್ನು ಶುರು ಮಾಡಿದ್ದು ಹಿಂದೆ ನಮ್ಮಲ್ಲಿದ್ದ ಒಬ್ಬ ಮೇಷ್ಟ್ರು, ಅವರ ಸ್ವಂತ ನಂಬರಿನಿಂದ. ಅವರು ಈಗ ಬೇರೆ ಊರಿನಲ್ಲಿದ್ದಾರೆ. ಒಳ್ಳೆಯವರು, ಕೇಳಿದ ತಕ್ಷಣ "ನಿಮ್ದ ಚಾನೆಲ್ರಿ, ಈಗ್ಲೇ ಕೊಡ್ತೇನಿ" ಅಂದರು. ಆದರೆ ಈಗಲೇ ಕೊಡಲು ಟೆಲಿಗ್ರಾಂ ಬಿಡಲಿಲ್ಲ.

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಸೆಂಟರ್‌ಗಳಲ್ಲಿ ಪರಿಸ್ಥಿತಿ ಹೀಗೇ ಇದೆ. ಮೊದಲು ಸೆಂಟರ್‌ಗಾಗಿಯೇ ಒಂದು ಸಿಮ್ ತೆಗೆದುಕೊಂಡೆವು. ಸಂಸ್ಥೆಯ ಹೆಸರಿನಲ್ಲೇ ಸಿಮ್ ಬೇಕೆಂದರೆ ನೋಂದಣಿ ಪತ್ರ, ಅಧಿಕಾರ ಪತ್ರ ಅಂತ ಕಾಗದಗಳು ಜಾಸ್ತಿ ಕೇಳಿದರು. ಅದಕ್ಕೆ ನಮ್ಮ ಮುಖ್ಯಸ್ಥರು ತಮ್ಮ ಆಧಾರ್ ಕೊಟ್ಟು ತಮ್ಮ ಹೆಸರಿನಲ್ಲೇ ತೆಗೆದುಕೊಂಡರು. ಆಫೀಸಿನಲ್ಲಿದ್ದ ಹಳೆಯ ಮೊಬೈಲ್‌ಗೆ ಹಾಕಿ ಟೆಲಿಗ್ರಾಂ ಖಾತೆ ತೆರೆದೆವು. ಇಡೀ ಕೆಲಸಕ್ಕೆ ಕೈಯಿಂದ ಖರ್ಚಾದದ್ದು ಈ ಸಿಮ್ ಮತ್ತು ಅದರ ರೀಚಾರ್ಜ್ ಅಷ್ಟೇ. ಟೆಲಿಗ್ರಾಂನ ಪ್ರೀಮಿಯಂ ಬೇಕಾಗಲಿಲ್ಲ. ಉಚಿತ ಖಾತೆಯಲ್ಲೇ ಒಂದು ಫೈಲ್ 2 ಜಿಬಿವರೆಗೆ ಇರಬಹುದು, ನಮ್ಮ ನೋಟ್ಸ್ ಯಾವುದೂ ಅದರ ಹತ್ತಿರಕ್ಕೂ ಬರುವುದಿಲ್ಲ.

ಆಮೇಲೆ ಹಳೆಯ ಮೇಷ್ಟ್ರು ನಮ್ಮ ಹೊಸ ಖಾತೆಯನ್ನು ಚಾನೆಲ್‌ಗೆ ಅಡ್ಮಿನ್ ಮಾಡಿದರು. ಮಾಲೀಕತ್ವ ಬದಲಿಸುವ ಆಯ್ಕೆ ಅವರಿಗೆ ಎಲ್ಲೂ ಕಾಣಿಸಲೇ ಇಲ್ಲ. ಫೋನಿನಲ್ಲೇ ಒಬ್ಬರಿಗೊಬ್ಬರು ಹೇಳಿಕೊಂಡು ಹುಡುಕಿದಾಗ ಗೊತ್ತಾಯಿತು: ಹೊಸ ಅಡ್ಮಿನ್‌ಗೆ ಎಲ್ಲ ಅಧಿಕಾರಗಳನ್ನೂ, ಬೇರೆಯವರನ್ನು ಅಡ್ಮಿನ್ ಮಾಡುವ ಅಧಿಕಾರವನ್ನೂ ಸೇರಿಸಿ, ಆನ್ ಮಾಡಿದರೆ ಮಾತ್ರ ಆ ಪುಟದ ಕೆಳಗೆ Transfer Channel Ownership ಅಂತ ಬರುತ್ತದೆ. ಅದನ್ನು ಒತ್ತಿದರೆ ಮುಂದಿನ ತಡೆ. ಕೊಡುವವರ ಖಾತೆಯಲ್ಲಿ Two-Step Verification ಪಾಸ್‌ವರ್ಡ್ ಇರಬೇಕು, ಅದನ್ನು ಹಾಕಿ ಕನಿಷ್ಠ 7 ದಿನ ಆಗಿರಬೇಕು, ಆ ಮೊಬೈಲ್‌ನಲ್ಲಿ ಲಾಗಿನ್ ಆಗಿ 24 ಗಂಟೆಯೂ ಆಗಿರಬೇಕು. ಕದ್ದ ಮೊಬೈಲ್‌ನಿಂದ ಯಾರೂ ಚಾನೆಲ್ ಹೊಡೆದುಕೊಂಡು ಹೋಗಬಾರದು ಅಂತ ಈ ನಿಯಮ. ಅವರು ಪಾಸ್‌ವರ್ಡ್ ಹಾಕಿರಲೇ ಇಲ್ಲ. ಅವತ್ತೇ ಹಾಕಿದರು, ನಾವು ಕಾಯಬೇಕಾಯಿತು.

ನೀವು ಇದನ್ನು ಮಾಡುವವರಾದರೆ ಮೊದಲ ದಿನವೇ ಮಾಲೀಕರಿಗೆ ಹೇಳಿ Settings ಒಳಗೆ Privacy and Security, ಅದರಲ್ಲಿ Two-Step Verification ಆನ್ ಮಾಡಿಸಿಬಿಡಿ. ಉಳಿದ ತಯಾರಿ ಮಾಡುವಷ್ಟರಲ್ಲಿ ಆ 7 ದಿನ ಕಳೆದಿರುತ್ತದೆ. ಹೊಸ ಖಾತೆಗೂ ಪಾಸ್‌ವರ್ಡ್ ಹಾಕಿ, ಅದನ್ನು ವಾಪಸ್ ಪಡೆಯುವ ಇಮೇಲ್ ಸೆಂಟರ್‌ನದ್ದೇ ಇರಲಿ. ಆ ಸಿಮ್‌ನ ರೀಚಾರ್ಜ್ ತಾರೀಕನ್ನು ಆಫೀಸಿನ ಕ್ಯಾಲೆಂಡರ್ ಮೇಲೆ ಬರೆದಿಡಿ. ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದ ನಂಬರ್ ಬಂದ್ ಆಗಿ ಬೇರೆಯವರ ಕೈ ಸೇರಬಹುದು, ಆಗ ಲಾಗಿನ್ ಕೋಡ್ ಕೂಡ ಅವರಿಗೇ ಹೋಗುತ್ತದೆ.

ಕಾಯುವ ದಿನಗಳಲ್ಲಿ ಹಳೆಯ ಪೋಸ್ಟ್‌ಗಳನ್ನು ವಿಂಗಡಿಸಿದೆವು. ಮೊದಲು ತೆಗೆದುಹಾಕಿದ್ದು ನಮ್ಮದಲ್ಲದ್ದನ್ನು: ದಿನಪತ್ರಿಕೆಗಳ ಇ-ಪೇಪರ್, ಪ್ರಕಾಶಕರ ಪುಸ್ತಕಗಳ ಸ್ಕ್ಯಾನ್, ಬೇರೆ ಸೆಂಟರ್‌ಗಳ ನೋಟ್ಸ್. ಚಾನೆಲ್ ತುಂಬಿದ್ದರಲ್ಲಿ ದೊಡ್ಡ ಪಾಲು ಇವುಗಳದ್ದೇ. "ಎಲ್ರೂ ಹಾಕ್ತಾರ, ನಾವ್ ತಗದ್ರ ಹುಡುಗ್ರು ಬ್ಯಾರೆ ಕಡೆ ಹೊಕ್ಕಾರ" ಅಂತ ನಮ್ಮಲ್ಲೇ ಒಬ್ಬರು ಅಂದರು. ಅವರಿಗೆ ನಾನು ದೆಹಲಿ ಹೈಕೋರ್ಟಿನ ಒಂದು ಪ್ರಕರಣ ಹೇಳಿದೆ. ನೀತು ಸಿಂಗ್ ಅನ್ನುವ ಇಂಗ್ಲಿಷ್ ಶಿಕ್ಷಕಿ, ತಮ್ಮ ಕೋಚಿಂಗ್ ಸಾಮಗ್ರಿಯನ್ನು ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹಂಚುತ್ತಿದ್ದಾರೆ ಅಂತ ಕೋರ್ಟಿಗೆ ಹೋಗಿದ್ದರು. 2022ರ ಆಗಸ್ಟ್‌ನಲ್ಲಿ ಕೋರ್ಟು, ಆ ಚಾನೆಲ್‌ಗಳನ್ನು ನಡೆಸುವವರ ಫೋನ್ ನಂಬರ್, ಇಮೇಲ್, ಐಪಿ ವಿಳಾಸಗಳನ್ನು ಕೊಡಬೇಕು ಅಂತ ಟೆಲಿಗ್ರಾಂಗೆ ಆದೇಶ ಮಾಡಿತು. ಚಾನೆಲ್‌ನಲ್ಲಿ ನಂಬರ್ ಕಾಣುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ನಿಜವಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ನೋಟ್ಸ್ ಬೇರೆಯವರು ಹಾಕಿಕೊಂಡರೆ ನಮಗೆ ಸಂಕಟ ಆಗುತ್ತದೆ ತಾನೇ? ಆ ಮಾತಿಗೆ ಎಲ್ಲರೂ ಒಪ್ಪಿದರು.

ಉಳಿದ ನೋಟ್ಸ್‌ಗಳನ್ನು ತೆರೆದು ನೋಡಿದಾಗ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ನಮ್ಮ ಕೆಲವು ಹಿರಿಯ ಮೇಷ್ಟ್ರುಗಳು ಟೈಪ್ ಮಾಡುವುದು ನುಡಿಯಲ್ಲಿ, ಹಳೆಯ ಫಾಂಟ್‌ನಲ್ಲೇ. ವರ್ಡ್ ಫೈಲನ್ನೇ ಹಾಗೇ ಹಾಕಿದರೆ ಮಕ್ಕಳ ಮೊಬೈಲ್‌ನಲ್ಲಿ ಆ ಫಾಂಟ್ ಇರುವುದಿಲ್ಲ, ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣುತ್ತದೆ. ಪಿಡಿಎಫ್ ಮಾಡಿದರೆ ಓದಲು ಬರುತ್ತದೆ. ಆದರೆ ಆ ಪಿಡಿಎಫ್ ಒಳಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಇನ್ನು ಟೆಲಿಗ್ರಾಂನ ಹುಡುಕಾಟ ನೋಡುವುದು ಫೈಲಿನ ಹೆಸರು ಮತ್ತು ಅದರ ಜೊತೆ ನಾವು ಬರೆದ ಸಾಲುಗಳನ್ನು. ಫೈಲಿನ ಒಳಗಿನದ್ದನ್ನು ಅದು ಓದುವುದಿಲ್ಲ. ನಮ್ಮ ಹಳೆಯ ಫೈಲುಗಳ ಹೆಸರು "ನ್ಯೂ ಡಾಕ್ಯುಮೆಂಟ್ 12", "ಸ್ಕ್ಯಾನ್ ಫೈನಲ್ ಫೈನಲ್" ಅನ್ನುವ ತರಹ ಇದ್ದವು, ಜೊತೆಗೆ ಒಂದು ಸಾಲೂ ಬರೆದಿರಲಿಲ್ಲ. ಮಕ್ಕಳಿಗೆ ಸಿಗದೇ ಇದ್ದದ್ದರಲ್ಲಿ ಆಶ್ಚರ್ಯವೇ ಇಲ್ಲ.

ಅದಕ್ಕೆ ಹೆಸರಿಗೆ ಒಂದು ಪದ್ಧತಿ ಮಾಡಿದೆವು. ವಿಷಯದ ಮೂರು ಅಕ್ಷರ, ಪಾಠದ ನಂಬರ್, ಪಾಠದ ಹೆಸರು, ಎಷ್ಟನೇ ಸಲ ತಿದ್ದಿದ್ದು. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ ಅಂದುಕೊಂಡೆವು, ಯಾಕೆಂದರೆ ಮಕ್ಕಳು ಇದನ್ನು ಒಯ್ಯುವುದು ಝೆರಾಕ್ಸ್ ಅಂಗಡಿಗೆ, ಅಲ್ಲಿಯ ಕೆಲವು ಹಳೆಯ ಕಂಪ್ಯೂಟರ್‌ಗಳಲ್ಲಿ ಕನ್ನಡದ ಹೆಸರು ಬರೀ ಡಬ್ಬಿಗಳಾಗಿ ಕಾಣುತ್ತದೆ. ಕನ್ನಡ ಇರುವುದು ಜೊತೆಯ ಸಾಲುಗಳಲ್ಲಿ. ಒಂದು ಉದಾಹರಣೆ ಕೊಡುತ್ತೇನೆ:

```
POL_07_Fundamental_Rights_v2.pdf

ರಾಜ್ಯಶಾಸ್ತ್ರ 07: ಮೂಲಭೂತ ಹಕ್ಕುಗಳು (ವಿಧಿ 12–35)
Polity, Fundamental Rights
18 ಪುಟ, 2ನೇ ತಿದ್ದುಪಡಿ
#Polity #KAS #PDO
```

ಎರಡನೇ ಸಾಲು ಇಂಗ್ಲಿಷ್‌ನಲ್ಲಿ ಯಾಕೆ ಅಂದರೆ, ಅರ್ಧ ಮಕ್ಕಳು ಹುಡುಕುವುದು "fundamental" ಅಂತಲೇ. ಹ್ಯಾಶ್‌ಟ್ಯಾಗ್ ಒತ್ತಿದರೆ ಚಾನೆಲ್‌ನಲ್ಲಿ ಆ ಗುರುತಿನ ಎಲ್ಲ ಪೋಸ್ಟ್‌ಗಳೂ ಒಟ್ಟಿಗೆ ಬರುತ್ತವೆ. ಆದರೆ ಒಂದು ಎಚ್ಚರಿಕೆ: ಒಬ್ಬರು #Polity, ಇನ್ನೊಬ್ಬರು #IndianPolity ಅಂತ ಬರೆದರೆ ಅದು ಎರಡಾಗಿ ಒಡೆಯುತ್ತದೆ. ಅದಕ್ಕೆ ಬಳಸುವ ಗುರುತುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸಿದ್ದೇವೆ. ಅದರಲ್ಲಿ ಇಲ್ಲದ್ದನ್ನು ಬಳಸುವ ಹಾಗಿಲ್ಲ.

ಕರಿಹಲಗೆಯ ಫೋಟೊಗಳನ್ನು ಫೋಟೊ ಆಗಿ ಹಾಕುವುದು ಪೂರ್ತಿ ನಿಲ್ಲಿಸಿದೆವು. ಒಂದು ಪಾಠಕ್ಕೆ ಇಪ್ಪತ್ತು ಫೋಟೊ ಅಂದರೆ ಮೊಬೈಲ್‌ನಲ್ಲಿ ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋಯುತ್ತದೆ. ಮೇಲಾಗಿ ಫೋಟೊ ಕಳಿಸುವಾಗ ಟೆಲಿಗ್ರಾಂ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಈಗ ಮೊಬೈಲ್ ಸ್ಕ್ಯಾನರ್‌ನಲ್ಲಿ ತೆಗೆದು ಒಂದೇ ಪಿಡಿಎಫ್ ಮಾಡಿ, ಗಾತ್ರ ಕಡಿಮೆ ಮಾಡಿ ಹಾಕುತ್ತೇವೆ.

ಹಳೆಯ ಒಳ್ಳೆಯ ನೋಟ್ಸ್‌ಗಳನ್ನು ಹೊಸ ಚಾನೆಲ್‌ಗೆ ಸಾಗಿಸುವಾಗ ಇನ್ನೊಂದು ಅಡ್ಡಿ. ಮತ್ತೆ ಅಪ್‌ಲೋಡ್ ಮಾಡುವುದು ಬೇಡ ಅಂತ ಫಾರ್ವರ್ಡ್ ಮಾಡಿದೆವು. ಫೈಲೇನೋ ಬಂತು, ಆದರೆ ಫಾರ್ವರ್ಡ್ ಆದ ಪೋಸ್ಟನ್ನು ತಿದ್ದಲು ಬರುವುದಿಲ್ಲ. ಅದರ ಕೆಳಗೆ ಹೊಸ ಸಾಲು ಬರೆಯಲು ಆಗಲಿಲ್ಲ. ದಾರಿ ಇರುವುದು ಫಾರ್ವರ್ಡ್ ಮಾಡುವಾಗ ಬರುವ Hide Sender's Name ಅನ್ನುವ ಆಯ್ಕೆಯಲ್ಲಿ. ಅದನ್ನು ಒತ್ತಿ ಕಳಿಸಿದರೆ ಪೋಸ್ಟು ನಾವೇ ಹೊಸದಾಗಿ ಹಾಕಿದ ಹಾಗೆ ಆಗುತ್ತದೆ, ಆಮೇಲೆ ತಿದ್ದಬಹುದು. ಡೇಟಾನೂ ಉಳಿಯುತ್ತದೆ. ಆದರೆ ಫೈಲಿನ ಹೆಸರು ಹಳೆಯದ್ದೇ ಇರುತ್ತದೆ. ಹೆಸರು ಕೆಟ್ಟದಾಗಿದ್ದ ಫೈಲುಗಳನ್ನು ಇಳಿಸಿಕೊಂಡು, ಹೆಸರು ಬದಲಿಸಿ ಮತ್ತೆ ಏರಿಸಲೇಬೇಕಾಯಿತು. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹೋದದ್ದು ಇಲ್ಲೇ. ರಾತ್ರಿ ಕ್ಲಾಸ್ ಮುಗಿದ ಮೇಲೆ ನಾನು ಮತ್ತು ಆಫೀಸಿನ ಹುಡುಗಿ ಕೂತು ಮಾಡುತ್ತಿದ್ದೆವು. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ.

ಒಬ್ಬ ವಿದ್ಯಾರ್ಥಿಯನ್ನೂ ಸೇರಿಸುವ ಮೊದಲೇ ಚಾನೆಲ್ ತುಂಬಿಸಿ ಮುಗಿಸಿ. ಹೊಸದಾಗಿ ಸೇರಿದವರಿಗೆ ಹಿಂದಿನ ಎಲ್ಲ ಪೋಸ್ಟ್‌ಗಳೂ ಕಾಣುತ್ತವೆ, ಹಾಗಾಗಿ ಯಾರಿಗೂ ಏನೂ ತಪ್ಪುವುದಿಲ್ಲ. ಅವರು ಸೇರಿದ ಮೇಲೆ ತುಂಬಿಸಲು ಹೋದರೆ ನೂರಾರು ನೋಟಿಫಿಕೇಶನ್ ಹೋಗಿ, ಮೊದಲ ದಿನವೇ ಎಲ್ಲರೂ ಮ್ಯೂಟ್ ಮಾಡುತ್ತಾರೆ.

ಈಗ ನನಗೆ ಬಹಳ ಸಮಾಧಾನ ಕೊಟ್ಟ ಭಾಗಕ್ಕೆ ಬರುತ್ತೇನೆ, ಅದು ಪರಿವಿಡಿ. ಹೊಸ ಚಾನೆಲ್‌ನಲ್ಲಿ ಯಾವುದೇ ಫೈಲ್ ಹಾಕುವ ಮೊದಲು ಖಾಲಿ ಪೋಸ್ಟ್‌ಗಳನ್ನು ಹಾಕಿದೆವು. ಮೊದಲನೆಯದು "ಪರಿವಿಡಿ". ಆಮೇಲೆ ಒಂದೊಂದು ವಿಷಯಕ್ಕೆ ಒಂದೊಂದು: "ರಾಜ್ಯಶಾಸ್ತ್ರ", "ಇತಿಹಾಸ", "ಭೂಗೋಳ", "ಅರ್ಥಶಾಸ್ತ್ರ", ಹೀಗೆ. ಒಂದು ಪೋಸ್ಟ್‌ನಲ್ಲಿ 4096 ಅಕ್ಷರ ಮಾತ್ರ ಹಿಡಿಯುತ್ತದೆ, ಎಲ್ಲ ಪಾಠಗಳ ಪಟ್ಟಿಯನ್ನು ಒಂದರಲ್ಲೇ ತುರುಕಲು ಆಗುವುದಿಲ್ಲ. ಅದಕ್ಕೆ ಈ ಎರಡು ಹಂತ. ಫೈಲುಗಳನ್ನು ಹಾಕಿದ ಮೇಲೆ ಪ್ರತಿ ಪೋಸ್ಟಿನ ಲಿಂಕ್ ಕಾಪಿ ಮಾಡಿಕೊಂಡು, ಆಯಾ ವಿಷಯದ ಪೋಸ್ಟನ್ನು ತಿದ್ದಿ, ಪಾಠದ ಹೆಸರಿಗೆ ಆ ಲಿಂಕ್ ಕೊಟ್ಟೆವು. ಪ್ರೈವೇಟ್ ಚಾನೆಲ್‌ನ ಪೋಸ್ಟಿನ ಲಿಂಕ್ ಹೀಗಿರುತ್ತದೆ:

```
https://t.me/c/1234567890/57
```

ಕೊನೆಯ ಅಂಕೆ ಪೋಸ್ಟಿನ ನಂಬರ್. ಚಾನೆಲ್‌ನಲ್ಲಿ ಇಲ್ಲದವರು ಈ ಲಿಂಕ್ ಒತ್ತಿದರೆ ಒಳಗಿನದ್ದು ಕಾಣುವುದಿಲ್ಲ, ಹಾಗಾಗಿ ಅದನ್ನು ಯಾರಿಗೆ ಕಳಿಸಿದರೂ ಭಯ ಇಲ್ಲ. ಮುಖ್ಯ ಪರಿವಿಡಿ ಒಂದನ್ನು ಮಾತ್ರ ಪಿನ್ ಮಾಡಿದ್ದೇವೆ. ಹೊಸ ನೋಟ್ಸ್ ಬಂದಾಗ ಪರಿವಿಡಿಯನ್ನು ಹೊಸದಾಗಿ ಹಾಕುವುದಿಲ್ಲ, ಹಳೆಯದನ್ನೇ ತಿದ್ದುತ್ತೇವೆ. ತಿದ್ದಿದರೆ ಯಾರ ಮೊಬೈಲೂ ಸದ್ದು ಮಾಡುವುದಿಲ್ಲ. ಹತ್ತು ವಸ್ತು ಪಿನ್ ಮಾಡಿದರೆ ಪಿನ್‌ಗೆ ಅರ್ಥವೇ ಇರುವುದಿಲ್ಲ, ನಮ್ಮ ಹಳೆಯ ಚಾನೆಲ್‌ನಲ್ಲಿ ಹಾಗೇ ಆಗಿತ್ತು.

ನೋಟ್ಸ್‌ನಲ್ಲಿ ತಪ್ಪು ಸಿಕ್ಕರೂ ಇದೇ ದಾರಿ. ಹಳೆಯ ಪೋಸ್ಟನ್ನು ಎಡಿಟ್ ಮಾಡಿ, ಫೈಲನ್ನು ಅಲ್ಲೇ ಬದಲಿಸಿ, "v2" ಅನ್ನುವುದನ್ನು "v3" ಮಾಡುತ್ತೇವೆ. ಲಿಂಕ್ ಹಾಗೇ ಉಳಿಯುತ್ತದೆ, ಪರಿವಿಡಿ ಮುಟ್ಟಬೇಕಿಲ್ಲ. ಆದರೆ ಮೊದಲೇ ಇಳಿಸಿಕೊಂಡು ಝೆರಾಕ್ಸ್ ಮಾಡಿಸಿದವರಿಗೆ ತಿದ್ದಿದ್ದು ಗೊತ್ತಾಗುವುದಿಲ್ಲ. ಅದಕ್ಕೆ ಸೂಚನೆಗಳ ಚಾನೆಲ್‌ನಲ್ಲಿ ಒಂದು ಸಾಲು: "ರಾಜ್ಯಶಾಸ್ತ್ರ 07, ಪುಟ 11ರಲ್ಲಿ ಎರಡನೇ ಪ್ಯಾರಾ ತಿದ್ದಿದೆ", ಜೊತೆಗೆ ಲಿಂಕ್. ಪುಟದ ನಂಬರ್ ಹೇಳುವುದು ಮುಖ್ಯ. ಇಲ್ಲದಿದ್ದರೆ ಪಾಪ, ದುಡ್ಡು ಕೊಟ್ಟು ಹದಿನೆಂಟು ಪುಟವನ್ನೂ ಮತ್ತೆ ಪ್ರಿಂಟ್ ಹಾಕಿಸುತ್ತಾರೆ.

ನೋಟ್ಸ್ ಹೊರಗೆ ಹೋಗದ ಹಾಗೆ Restrict Saving Content ಆನ್ ಮಾಡೋಣ ಅಂತ ಮುಖ್ಯಸ್ಥರು ಹೇಳಿದರು. ಅದನ್ನು ಆನ್ ಮಾಡಿದರೆ ಫಾರ್ವರ್ಡ್ ಆಗುವುದಿಲ್ಲ, ಸೇವ್ ಆಗುವುದಿಲ್ಲ. ಆದರೆ ನಮ್ಮ ಮಕ್ಕಳು ಓದುವುದು ಕಾಗದದ ಮೇಲೆ. ಸೇವ್ ಆಗದಿದ್ದರೆ ಪ್ರಿಂಟ್ ಇಲ್ಲ, ಪ್ರಿಂಟ್ ಇಲ್ಲದಿದ್ದರೆ ಓದು ಇಲ್ಲ. ಫೀಸ್ ಕಟ್ಟಿದವರಿಗೇ ಕಷ್ಟ ಕೊಟ್ಟ ಹಾಗಾಗುತ್ತದೆ ಅಂತ ನಾನು ಪಟ್ಟು ಹಿಡಿದೆ. ಕೊನೆಗೆ ಅದನ್ನು ಆಫ್ ಇಟ್ಟು, ಪ್ರತಿ ಪುಟದ ಕೆಳಗೆ ಸೆಂಟರ್ ಹೆಸರು ಮತ್ತು ಬ್ಯಾಚ್ ಬರುವ ಹಾಗೆ ಮಾಡಿದೆವು. ಹೊರಗೆ ಹೋದರೂ ಯಾವ ಬ್ಯಾಚಿನಿಂದ ಹೋಯಿತು ಅಂತ ತಿಳಿಯುತ್ತದೆ.

ತಾಂತ್ರಿಕ ಅಡ್ಡಿಗಳಿಗಿಂತ ಕಷ್ಟವಾದದ್ದು ಅಡ್ಮಿನ್‌ಗಳ ವಿಷಯ. ಪೋಸ್ಟ್ ಹಾಕುವ ಅಧಿಕಾರ ಇಬ್ಬರಿಗೆ ಮಾತ್ರ ಇರಲಿ, ಉಳಿದವರು ತಮ್ಮ ಫೈಲುಗಳನ್ನು ಸಿಬ್ಬಂದಿಯ ಒಂದು ಸಣ್ಣ ಗ್ರೂಪ್‌ಗೆ ಕಳಿಸಲಿ, ಅಲ್ಲಿಂದ ಹೆಸರು ಸರಿ ಮಾಡಿ ಚಾನೆಲ್‌ಗೆ ಹಾಕೋಣ ಅಂತ ನಾನು ಹೇಳಿದೆ. ಬಹಳ ಹಿರಿಯರಾದ ಒಬ್ಬ ಮೇಷ್ಟ್ರಿಗೆ ಇದು ನೋವಾಯಿತು. "ನನ್ನ ನೋಟ್ಸ್ ನಾನ ಹಾಕಾಕ ನಿಮ್ಮ ಪರ್ಮಿಶನ್ ಬೇಕೇನ್ರೀ?" ಅಂದರು. ಆ ಮಾತು ಕೇಳಿ ನನಗೂ ಬೇಸರವಾಯಿತು. ಅವರ ನೋಟ್ಸ್ ಓದಿ ಎಷ್ಟೋ ಜನ ನೌಕರಿ ಹಿಡಿದಿದ್ದಾರೆ. ಅವರ ಮನೆಗೇ ಹೋಗಿ ಮೊಬೈಲ್‌ನಲ್ಲಿ ಹಳೆಯ ಚಾನೆಲ್ ತೆರೆದು, "ಸರ್, ನಿಮ್ಮ ಕದಂಬರ ನೋಟ್ಸ್ ಹುಡುಕಿ ತೋರಿಸ್ರಿ" ಅಂದೆ. ಬಹಳ ಹೊತ್ತು ಹುಡುಕಿದರು, ಸಿಗಲಿಲ್ಲ. ಹೊಸ ಚಾನೆಲ್‌ನ ಪರಿವಿಡಿಯಲ್ಲಿ ಎರಡು ಸಲ ಒತ್ತಿದರೆ ಬಂತು, ಕೆಳಗೆ ಅವರ ಹೆಸರೂ ಇತ್ತು. ಅವತ್ತಿನಿಂದ ಒಪ್ಪಿದರು. ಪ್ರತಿ ನೋಟ್ಸ್‌ನ ಜೊತೆ ಬರೆದ ಮೇಷ್ಟ್ರ ಹೆಸರು ಹಾಕುವುದನ್ನು ಈಗ ಎಲ್ಲರಿಗೂ ನಿಯಮ ಮಾಡಿದ್ದೇವೆ.

ಮಕ್ಕಳನ್ನು ಸೇರಿಸುವ ಲಿಂಕ್ ಬಗ್ಗೆಯೂ ಹೇಳಬೇಕು. ಮೊದಲು Request Admin Approval ಇರುವ ಲಿಂಕ್ ಕೊಡೋಣ, ಬಂದವರನ್ನು ನೋಡಿ ಒಪ್ಪೋಣ ಅಂದುಕೊಂಡಿದ್ದೆವು. ಆದರೆ ಅಲ್ಲಿ ನಮಗೆ ಕಾಣುವುದು ಅವರ ಟೆಲಿಗ್ರಾಂ ಹೆಸರು ಮತ್ತು ಫೋಟೊ ಮಾತ್ರ. ರಿಜಿಸ್ಟರ್‌ನಲ್ಲಿ ಇರುವ ಹೆಸರೇ ಬೇರೆ, ಅಲ್ಲಿ "ಫ್ಯೂಚರ್ ಪಿಎಸ್ಐ" ಅಂತ ಇರುತ್ತದೆ. ಯಾರು ಯಾರು ಅಂತ ತಿಳಿಯುವುದು ಹೇಗೆ? ಅದಕ್ಕೆ ಇನ್ನೊಂದು ದಾರಿ ಹಿಡಿದೆವು. ಬ್ಯಾಚ್‌ಗೆ ಒಂದು ಲಿಂಕ್, ಅದಕ್ಕೆ ಬ್ಯಾಚಿನ ಹೆಸರು, ಒಂದು ದಿನದ ಅವಧಿ, ಮತ್ತು ಬ್ಯಾಚ್‌ನಲ್ಲಿ 80 ಜನ ಇದ್ದರೆ 80 ಜನರ ಮಿತಿ. ಕ್ಯೂಆರ್ ಕೋಡನ್ನು ಕ್ಲಾಸಿನಲ್ಲೇ ಪರದೆಯ ಮೇಲೆ ತೋರಿಸಿ ಸ್ಕ್ಯಾನ್ ಮಾಡಿಸಿದೆವು. ಮಿತಿ ಮತ್ತು ಒಪ್ಪಿಗೆ ಎರಡನ್ನೂ ಒಂದೇ ಲಿಂಕ್‌ಗೆ ಹಾಕಲು ಬರುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಮಿತಿ ಇದ್ದರೆ ಒಂದು ಅನುಕೂಲ: ಕ್ಲಾಸಿನಲ್ಲಿ ಕೂತ ಹುಡುಗನಿಗೆ ಸೇರಲು ಆಗದಿದ್ದರೆ ಹೊರಗಿನವರು ಯಾರೋ ಸೇರಿದ್ದಾರೆ ಅಂತ ಅರ್ಥ. ಆ ಲಿಂಕಿನಿಂದ ಯಾರ್ಯಾರು ಬಂದರು ಅನ್ನುವ ಪಟ್ಟಿ ಅಡ್ಮಿನ್‌ಗೆ ಸಿಗುತ್ತದೆ, ಅಲ್ಲೇ ಹೆಸರು ಕೂಗಿ ನೋಡಬಹುದು. ತಡವಾಗಿ ಅಡ್ಮಿಷನ್ ಆದವರಿಗೆ ಮಾತ್ರ ಒಪ್ಪಿಗೆಯ ಲಿಂಕ್, ಅದೂ ಅವರು ಕೌಂಟರ್ ಎದುರು ನಿಂತಾಗ.

ಸೂಚನೆಗಳ ಚಾನೆಲ್‌ನಲ್ಲಿ ನಿಯಮ ಸರಳ. ಸದ್ದು ಮಾಡುವುದು ಅದೊಂದೇ. ನೋಟ್ಸ್ ಚಾನೆಲ್‌ಗೆ ಹಾಕುವಾಗ ಕಳಿಸುವ ಬಟನ್ ಒತ್ತಿ ಹಿಡಿದು Send without sound ಆರಿಸುತ್ತೇವೆ. ಎಲ್ಲದಕ್ಕೂ ಸದ್ದು ಮಾಡಿದರೆ ಮಕ್ಕಳು ಮ್ಯೂಟ್ ಮಾಡುತ್ತಾರೆ, ಆಮೇಲೆ "ಕ್ಲಾಸ್ ಇಲ್ಲ" ಅನ್ನುವುದೂ ತಲುಪುವುದಿಲ್ಲ. ಪೋಸ್ಟಿನ ಕೆಳಗಿನ ಕಣ್ಣಿನ ಗುರುತಿನಲ್ಲಿ ಎಷ್ಟು ಜನ ನೋಡಿದರು ಅಂತ ಗೊತ್ತಾಗುತ್ತದೆ. ರಾತ್ರಿ 8ಕ್ಕೆ ಹಾಕಿದ ಸೂಚನೆಯನ್ನು 10ರ ಹೊತ್ತಿಗೂ ಅರ್ಧದಷ್ಟು ಜನ ನೋಡಿಲ್ಲ ಅಂದರೆ ಮ್ಯೂಟ್ ಜಾಸ್ತಿಯಾಗಿದೆ ಅಂತ ನಾವು ತಿಳಿಯುತ್ತೇವೆ. ಮೊದಲೇ ಗೊತ್ತಿರುವುದನ್ನು ಅದೇ ಬಟನ್‌ನಲ್ಲಿರುವ Schedule Message ಬಳಸಿ ರಾತ್ರಿ 8ಕ್ಕೆ ಇಡುತ್ತೇವೆ. ತುರ್ತು ಇದ್ದರೆ ಮಾತ್ರ ಬೇರೆ ಹೊತ್ತಿನಲ್ಲಿ.

ತಾರೀಕು ಬದಲಾದಾಗ ಏನು ಮಾಡಬೇಕು ಅನ್ನುವುದನ್ನು 2024ರ ಅನುಭವ ಇಟ್ಟುಕೊಂಡೇ ಬರೆದೆವು. ಹಳೆಯ ಪೋಸ್ಟನ್ನು ಅಳಿಸುವುದಿಲ್ಲ. ಅಳಿಸಿದರೆ ಮಕ್ಕಳು "ನಾನು ನೋಡಿದ್ದೆನಲ್ಲ, ಎಲ್ಲಿ ಹೋಯಿತು" ಅಂತ ಇನ್ನೂ ಗಾಬರಿಯಾಗುತ್ತಾರೆ. ಅದನ್ನು ತಿದ್ದಿ, ಮೊದಲ ಸಾಲಿನಲ್ಲೇ "ಈ ದಿನಾಂಕ ಬದಲಾಗಿದೆ" ಅಂತ ಬರೆದು ಹೊಸ ಪೋಸ್ಟಿನ ಲಿಂಕ್ ಕೊಡುತ್ತೇವೆ. ಪೋಸ್ಟರ್ ಚಿತ್ರ ಇದ್ದರೆ ಅದನ್ನೂ ಬದಲಿಸುತ್ತೇವೆ. ಹೊಸ ಪೋಸ್ಟ್‌ನಲ್ಲಿ ಹಳೆಯ ತಾರೀಕು, ಹೊಸ ತಾರೀಕು, ವಾರ ಎಲ್ಲ ಇರುತ್ತದೆ, ಜೊತೆಗೆ ಅಧಿಕೃತ ಪ್ರಕಟಣೆಯ ಪಿಡಿಎಫ್. ಪ್ರಕಟಣೆ ಕೈಗೆ ಬರುವವರೆಗೆ ಏನೂ ಹಾಕುವುದಿಲ್ಲ. "ಅಂತೆ" ಅನ್ನುವ ಪದ ಇರುವ ಯಾವ ಸುದ್ದಿಯೂ ನಮ್ಮ ಚಾನೆಲ್‌ಗೆ ಬರುವ ಹಾಗಿಲ್ಲ.

ಇಲ್ಲೊಂದು ಮಿತಿ ಇದೆ, ತಿಳಿದಿರಲಿ. ನಾವು ಪೋಸ್ಟ್ ತಿದ್ದಿದರೂ, ಅದನ್ನು ಮೊದಲೇ ಯಾರಾದರೂ ಬೇರೆ ಕಡೆ ಫಾರ್ವರ್ಡ್ ಮಾಡಿದ್ದರೆ ಆ ಕಾಪಿ ಬದಲಾಗುವುದಿಲ್ಲ. ಅದು ಹಳೆಯ ತಾರೀಕನ್ನೇ ಹೊತ್ತು ತಿರುಗುತ್ತದೆ. ಅದಕ್ಕೆ ಮಕ್ಕಳಿಗೆ ಹೇಳಿದ್ದೇವೆ: ಗೆಳೆಯರಿಗೆ ಕಳಿಸುವಾಗ ಪೋಸ್ಟ್ ಬೇಡ, ಲಿಂಕ್ ಕಳಿಸಿ. ಲಿಂಕ್ ಒತ್ತಿದವರಿಗೆ ಯಾವಾಗಲೂ ತಿದ್ದಿದ್ದೇ ಕಾಣುತ್ತದೆ. ಜೊತೆಗೆ ಪ್ರತಿ ಸೂಚನೆಯ ಕೊನೆಗೆ "14 ಜನವರಿ, ರಾತ್ರಿ 8ಕ್ಕೆ ಬರೆದದ್ದು" ಅನ್ನುವ ಹಾಗೆ ದಿನ, ಹೊತ್ತು ಹಾಕುತ್ತೇವೆ. "ನಾಳೆ" ಅಂತ ಬರೆಯುವುದನ್ನು ಪೂರ್ತಿ ಬಿಟ್ಟಿದ್ದೇವೆ, ಯಾಕೆಂದರೆ ಫಾರ್ವರ್ಡ್ ಆದ ಮೇಲೆ ಅದು ಯಾರ ನಾಳೆ ಅಂತ ತಿಳಿಯುವುದಿಲ್ಲ.

ಕಾಮೆಂಟ್ ಬೇಕಾ ಬೇಡವಾ ಅಂತಲೂ ಚರ್ಚೆ ಆಯಿತು. ಹಳೆಯ ಚಾನೆಲ್‌ಗೆ ಒಂದು ಚರ್ಚೆಯ ಗ್ರೂಪ್ ಜೋಡಿಸಿತ್ತು. ಪ್ರತಿ ಪೋಸ್ಟಿನ ಕೆಳಗೆ ಗುಡ್ ಮಾರ್ನಿಂಗ್, ಮನೆಯಲ್ಲೇ ಕೂತು ಹಣ ಗಳಿಸಿ ಅನ್ನುವ ಅಪರಿಚಿತರು, ಪ್ರಶ್ನೆಪತ್ರಿಕೆ ಕೊಡುತ್ತೇವೆ ಅನ್ನುವ ಮೋಸಗಾರರು. ಆ ಜೋಡಣೆ ಕಿತ್ತುಹಾಕಿದೆವು. ಸಂದೇಹ ಕೇಳಲು ಅಡ್ಮಿಷನ್ ಆದವರಿಗೆ ಮಾತ್ರ ಬೇರೆ ಗ್ರೂಪ್ ಇದೆ, ಅದರಲ್ಲಿ Topics ಆನ್ ಮಾಡಿ ವಿಷಯಕ್ಕೊಂದು ವಿಭಾಗ ಮಾಡಿದ್ದೇವೆ. ದಿನದ ಕ್ವಿಜ್ ಕೂಡ ಅಲ್ಲೇ. ಚಾನೆಲ್‌ನಲ್ಲಿ ಹಾಕುವ ಕ್ವಿಜ್‌ಗೆ ಯಾರು ಯಾವ ಉತ್ತರ ಕೊಟ್ಟರು ಅಂತ ಕಾಣುವುದೇ ಇಲ್ಲ, ಗ್ರೂಪ್‌ನಲ್ಲಿ ಕಾಣುವ ಹಾಗೆ ಮಾಡಬಹುದು.

ಹೊಸ ಬ್ಯಾಚ್ ಶುರುವಾದ ಮೇಲೆ "ಮತ್ತೊಮ್ಮೆ ಹಾಕ್ರಿ" ಅಂತ ಕೌಂಟರ್‌ಗೆ ಬರುವವರು ಬಹಳ ಕಡಿಮೆಯಾಗಿದ್ದಾರೆ. ಈಗ ಬರುವ ದೂರು ಬೇರೆ: ಮೊಬೈಲ್ ತುಂಬಿದೆ ಅಂತ. ಅದಕ್ಕೆ Settings ಒಳಗೆ Data and Storage, ಅದರಲ್ಲಿ Storage Usage ತೆರೆದು ಕ್ಯಾಶ್ ಅಳಿಸಲು ತೋರಿಸಿಕೊಡುತ್ತೇವೆ. ಫೈಲುಗಳು ಚಾನೆಲ್‌ನಲ್ಲೇ ಇರುತ್ತವೆ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು.

ಬ್ಯಾಚ್ ಮುಗಿದಾಗ ಮಾಡಬೇಕಾದ ಒಂದು ಕೆಲಸ ನಮಗೆ ಇನ್ನೂ ಬಾಕಿ ಇದೆ. ಲಿಂಕ್ ರದ್ದು ಮಾಡಿದರೆ ಹೊಸಬರು ಬರುವುದು ನಿಲ್ಲುತ್ತದೆ, ಆದರೆ ಆಗಲೇ ಒಳಗಿರುವವರು ಹೊರಗೆ ಹೋಗುವುದಿಲ್ಲ. ಅವರನ್ನು ಒಬ್ಬೊಬ್ಬರಾಗಿ ಕೈಯಿಂದಲೇ ತೆಗೆಯಬೇಕು. ಆದರೆ ಪರೀಕ್ಷೆ ಇನ್ನೂ ಬರೆಯದವರನ್ನು ತೆಗೆಯಲು ನಮಗೆ ಮನಸ್ಸಿಲ್ಲ. ಹಾಗಾಗಿ ಅವರ ಪರೀಕ್ಷೆ ಆಗುವವರೆಗೆ ಇರಲಿ ಅಂತ ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ, ಬ್ಯಾಚಿನ ಹೆಸರಿನ ಲಿಂಕ್ ಪಟ್ಟಿಯನ್ನು ಅದಕ್ಕಾಗಿಯೇ ಅಳಿಸದೆ ಇಟ್ಟಿದ್ದೇವೆ.